ಅನುವಾದದ ಪ್ರಶ್ನೆ ಒಂದು ಮಾಧ್ಯಮದ ಮಕ್ಕಳಿಗೆ ಮಾತ್ರ ಕಷ್ಟವಾಯಿತೇ? ಲೆಕ್ಕ ಹಾಕಿ ನೋಡುವ ಬಗೆ

ದಾವಣಗೆರೆ, ಹರಿಹರ, ಚಳ್ಳಕೆರೆ ಕಡೆಯ ಶಿಕ್ಷಕರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಕನ್ನಡದಲ್ಲಿ ಪ್ರಶ್ನೆಪತ್ರಿಕೆ ತಯಾರಿಸಿ ಉರ್ದುವಿಗೆ ಅನುವಾದ ಮಾಡಿಸಿದ್ದೇವೆ. ಉರ್ದು ಮಾಧ್ಯಮದ ಮಕ್ಕಳಿಗೆ ಅಂಕ ಕಡಿಮೆ ಬಂದಿದೆ. ತಪ್ಪು ಅನುವಾದದ್ದೋ, ಮಕ್ಕಳಿಗೇ ಬರಲಿಲ್ಲವೋ?" ಇದಕ್ಕೆ ಉತ್ತರ ಹುಡುಕುವ ಒಂದು ವಿಧಾನವನ್ನು ಮೊದಲಿನಿಂದ ಕೊನೆಯವರೆಗೆ ಇಲ್ಲಿ ಬರೆದಿದ್ದೇನೆ. ಕೂಡುವುದು, ಗುಣಿಸುವುದು, ಭಾಗಿಸುವುದು ಬಂದರೆ ಸಾಕು. ಒಂದೇ ಒಂದು ಕಡೆ ಲಾಗರಿದಮ್ ಬರುತ್ತದೆ, ಅದಕ್ಕೆ ಮೊಬೈಲಿನ ಕ್ಯಾಲ್ಕುಲೇಟರ್ ಇದೆ.

ಶುರುವಿಗೆ ಒಂದು ಪದ. ಒಂದೇ ಸಾಮರ್ಥ್ಯದ ಇಬ್ಬರು ಮಕ್ಕಳು, ಒಬ್ಬಳು ಕನ್ನಡ ಮಾಧ್ಯಮ, ಇನ್ನೊಬ್ಬಳು ಉರ್ದು ಮಾಧ್ಯಮ. ಪತ್ರಿಕೆಯಲ್ಲಿ ಇಬ್ಬರಿಗೂ ಒಟ್ಟು ಅಂಕ ಸಮ. ಆದರೆ ಏಳನೆಯ ಪ್ರಶ್ನೆಯನ್ನು ಸರಿ ಮಾಡುವ ಸಾಧ್ಯತೆ ಇಬ್ಬರಿಗೂ ಸಮನಾಗಿಲ್ಲ. ಹೀಗಾದಾಗ ಆ ಪ್ರಶ್ನೆಯಲ್ಲಿ 'ಡಿಫ್' ಇದೆ ಎನ್ನುತ್ತಾರೆ. ಕನ್ನಡದಲ್ಲಿ ಇದನ್ನು 'ಪ್ರಶ್ನೆಯ ಭಿನ್ನ ವರ್ತನೆ' ಎನ್ನಬಹುದು. ಬರೆಯಲು ಚಿಕ್ಕದಾದ್ದರಿಂದ ನಾನು ಡಿಫ್ ಎಂದೇ ಬರೆಯುತ್ತೇನೆ.

ಇಲ್ಲೇ ಹಲವರು ಎಡವುತ್ತಾರೆ. ಕನ್ನಡದವರಲ್ಲಿ ಶೇಕಡಾ 63, ಉರ್ದುವಿನವರಲ್ಲಿ ಶೇಕಡಾ 58 ಮಕ್ಕಳು ಸರಿಯುತ್ತರ ಕೊಟ್ಟರು ಎಂದ ಮಾತ್ರಕ್ಕೆ ಡಿಫ್ ಇದೆ ಎಂದಾಗದು. ಕಡಿಮೆ ಅಂಕದ ಮಕ್ಕಳು ಒಂದು ಗುಂಪಿನಲ್ಲಿ ಹೆಚ್ಚಿದ್ದರೂ ಇಷ್ಟು ಅಂತರ ಬಂದೇ ಬರುತ್ತದೆ. ಸಮ ಅಂಕದವರನ್ನು ಸಮ ಅಂಕದವರ ಪಕ್ಕದಲ್ಲಿ ಕೂರಿಸಿ ನೋಡಿದ ಮೇಲೂ ಉಳಿಯುವ ಅಂತರವಷ್ಟೇ ಡಿಫ್.

ಬೇಕಾದ ಸಾಮಗ್ರಿ

ಪ್ರತಿ ಮಗುವಿಗೆ ಒಂದು ಸಾಲು ಇರುವ ಹಾಳೆ ಬೇಕು. ಅದರಲ್ಲಿ ಮಾಧ್ಯಮ, ಶಾಲೆ, ಪ್ರತಿ ಪ್ರಶ್ನೆಗೆ ಮಗು ಆರಿಸಿದ ಆಯ್ಕೆ, ಆ ಉತ್ತರ ಸರಿಯಾದರೆ 1, ತಪ್ಪಾದರೆ 0 ಇರಬೇಕು. ಆರಿಸಿದ ಆಯ್ಕೆಯನ್ನು ಬಿಟ್ಟು ಬರಿಯ ಸರಿ–ತಪ್ಪು ಮಾತ್ರ ತುಂಬಿಸುವವರೇ ಹೆಚ್ಚು. ಅನುವಾದ ಎಲ್ಲಿ ಕೆಟ್ಟಿತು ಎಂಬುದನ್ನು ಹೇಳುವುದು ತಪ್ಪು ಉತ್ತರಗಳೇ ಆದ್ದರಿಂದ ಅದನ್ನು ಬಿಡಬೇಡಿ.

ಎರಡೂ ಗುಂಪುಗಳಲ್ಲಿ ತಲಾ 200 ಮಕ್ಕಳಾದರೂ ಇದ್ದರೆ ಒಳ್ಳೆಯದು. ದಾವಣಗೆರೆ ನಗರದಲ್ಲಿ ಉರ್ದು ಮಾಧ್ಯಮದ ನಾಲ್ಕಾರು ಶಾಲೆಗಳನ್ನು ಸೇರಿಸಿ ಇಷ್ಟು ಮಕ್ಕಳನ್ನು ಕೂಡಿಸಬಹುದು, ಚಿಕ್ಕ ತಾಲ್ಲೂಕಿನಲ್ಲಿ ಕಷ್ಟ. ಐವತ್ತೇ ಮಕ್ಕಳಿದ್ದರೆ ಈ ಲೆಕ್ಕವನ್ನು ನೆಚ್ಚಬೇಡಿ. ದೊಡ್ಡ ದೋಷವೂ ಕಾಣದೆ ಹೋಗಬಹುದು, ಆಗ "ಡಿಫ್ ಇಲ್ಲ" ಎಂದು ಬರೆದರೆ ಅದು ಸುಳ್ಳು ಸಮಾಧಾನ.

ಉದಾಹರಣೆಯ ಪ್ರಶ್ನೆ

20 ಪ್ರಶ್ನೆಗಳ ಓದಿ ಅರ್ಥಮಾಡಿಕೊಳ್ಳುವ ಪರೀಕ್ಷೆ ಎಂದುಕೊಳ್ಳೋಣ. ಒಂದು ಗದ್ಯಭಾಗ ಚಳ್ಳಕೆರೆ ಕಡೆಯ ಶೇಂಗಾ ರೈತನದು: "ಆ ವರ್ಷ ಮುಂಗಾರು ಕೈಕೊಟ್ಟಿತು. ಬಿತ್ತಿದ ಬೀಜ ಮಣ್ಣಿನಲ್ಲೇ ಉಳಿಯಿತು. ದೀಪಾವಳಿಗೆ ಮುಂಚೆಯೇ ಮನೆಗೆ ಬೀಗ ಹಾಕಿ ದಾವಣಗೆರೆಗೆ ಗುಳೆ ಹೊರಟರು." ಏಳನೆಯ ಪ್ರಶ್ನೆ: 'ಮುಂಗಾರು ಕೈಕೊಟ್ಟಿತು' ಎಂದರೆ ಏನು?

ಅ) ಮಳೆ ತಡವಾದರೂ ಸಾಕಷ್ಟು ಸುರಿಯಿತು
ಆ) ನಂಬಿದ್ದ ಮಳೆ ಬರಲಿಲ್ಲ
ಇ) ಮಳೆ ಹೊತ್ತಿಗೆ ಸರಿಯಾಗಿ ಬಂದು ನೆರವಾಯಿತು
ಈ) ಅತಿವೃಷ್ಟಿಗೆ ಬೆಳೆ ಕೊಚ್ಚಿಹೋಯಿತು

ಸರಿಯುತ್ತರ 'ಆ'. ಅನುವಾದಕರು ಇದನ್ನು ಉರ್ದುವಿನಲ್ಲಿ ಪದಕ್ಕೆ ಪದ ಇಟ್ಟು 'ಬಾರಿಶ್ ನೇ ಹಾಥ್ ದಿಯಾ' ಎಂದು ಬರೆದಿದ್ದಾರೆ ಎಂದುಕೊಳ್ಳಿ. ಕನ್ನಡದಲ್ಲಿ ಕೈಕೊಡುವುದೆಂದರೆ ನಂಬಿಸಿ ಬಿಡುವುದು. ಉರ್ದುವಿನಲ್ಲಿ 'ಹಾಥ್ ದೇನಾ' ಎಂದರೆ ನೆರವಿಗೆ ಕೈಚಾಚುವುದು. ಅರ್ಥ ಪೂರ್ತಿ ತಿರುಗುಮುರುಗು. ಇಂಥದ್ದು ಮರು-ಅನುವಾದದ ಪರಿಶೀಲನೆಯಲ್ಲಿ ಸಿಕ್ಕಿಬೀಳುವುದಿಲ್ಲ ಎಂಬುದನ್ನು ಗಮನಿಸಿ. ಉರ್ದು ವಾಕ್ಯವನ್ನು ಬೇರೊಬ್ಬರಿಗೆ ಕೊಟ್ಟು ಮತ್ತೆ ಕನ್ನಡಕ್ಕೆ ತರಿಸಿದರೆ ಅವರೂ ಪದಕ್ಕೆ ಪದ ಇಟ್ಟು 'ಮಳೆ ಕೈಕೊಟ್ಟಿತು' ಎಂದೇ ಬರೆದಾರು. ಮೂಲಕ್ಕೆ ತಾಳೆಯಾಯಿತು ಎಂದು ನಾವು ಸಹಿ ಹಾಕಿಬಿಡುತ್ತೇವೆ. ಮಕ್ಕಳ ಉತ್ತರಗಳನ್ನು ಕೆದಕಿ ನೋಡಬೇಕಾಗುವುದು ಇದಕ್ಕೇ.

ಮುಂದಿನ ಅಂಕಿಗಳು ಲೆಕ್ಕ ತೋರಿಸಲೆಂದು ನಾನು ಹೊಂದಿಸಿಕೊಂಡವು, ಯಾವ ಶಾಲೆಯವೂ ಅಲ್ಲ.

ಹಂತ 1: ಒಟ್ಟು ಅಂಕದ ಪ್ರಕಾರ ಮಕ್ಕಳನ್ನು ಪಟ್ಟಿಗಳಾಗಿ ಬೇರ್ಪಡಿಸಿ

ಇಲ್ಲಿ ಬಳಸುವ ವಿಧಾನಕ್ಕೆ ಮ್ಯಾಂಟೆಲ್–ಹೆನ್ಸೆಲ್ ಎಂದು ಹೆಸರು. 1959ರಲ್ಲಿ ರೋಗಗಳ ಅಧ್ಯಯನಕ್ಕೆಂದು ರೂಪಿಸಿದ ಲೆಕ್ಕ ಇದು. 1988ರಲ್ಲಿ ಹಾಲೆಂಡ್ ಮತ್ತು ಥೇಯರ್ ಇದನ್ನು ಪರೀಕ್ಷೆಯ ಪ್ರಶ್ನೆಗಳಿಗೆ ಹೊಂದಿಸಿದರು.

ಕನ್ನಡ ಮಾಧ್ಯಮದ 240, ಉರ್ದು ಮಾಧ್ಯಮದ 210 ಮಕ್ಕಳನ್ನು ಒಟ್ಟು ಅಂಕದ ಮೇಲೆ ನಾಲ್ಕು ಪಟ್ಟಿಗಳಾಗಿ ಮಾಡಿದ್ದೇನೆ. ನಿಜವಾದ ಕೆಲಸದಲ್ಲಿ ಸಾಧ್ಯವಾದಷ್ಟು ಹೆಚ್ಚು ಪಟ್ಟಿ ಮಾಡಿ. ಪಟ್ಟಿ ಅಗಲವಾದರೆ 6 ಅಂಕದವರೂ 10 ಅಂಕದವರೂ ಸಮಾನರೆಂದು ಒಪ್ಪಿಕೊಂಡಂತಾಗುತ್ತದೆ, ಇಲ್ಲದ ಡಿಫ್ ಇದ್ದಂತೆ ಕಾಣುತ್ತದೆ. ಒಟ್ಟು ಅಂಕ ಎಣಿಸುವಾಗ ಪರಿಶೀಲಿಸುತ್ತಿರುವ ಪ್ರಶ್ನೆಯ ಅಂಕವನ್ನೂ ಸೇರಿಸಿಯೇ ಎಣಿಸಿ. ವಿಚಿತ್ರ ಎನಿಸಬಹುದು, ಆದರೆ ಅದನ್ನು ಬಿಟ್ಟು ಎಣಿಸಿದರೆ ಲೆಕ್ಕ ವಾಲುತ್ತದೆ.

| ಒಟ್ಟು ಅಂಕ | ಕನ್ನಡ: ಸರಿ | ಕನ್ನಡ: ತಪ್ಪು | ಉರ್ದು: ಸರಿ | ಉರ್ದು: ತಪ್ಪು | ಒಟ್ಟು ಮಕ್ಕಳು |
|---|---|---|---|---|---|
| 0–5 | 16 | 24 | 12 | 48 | 100 |
| 6–10 | 48 | 32 | 28 | 42 | 150 |
| 11–15 | 60 | 20 | 27 | 18 | 125 |
| 16–20 | 36 | 4 | 28 | 7 | 75 |

ಲೆಕ್ಕಕ್ಕೆ ಇಳಿಯುವ ಮೊದಲು ಪಟ್ಟಿಯ ಮೇಲೆ ಕಣ್ಣಾಡಿಸಿ. ಮೊದಲ ಸಾಲಿನಲ್ಲಿ ಕನ್ನಡದವರು ಶೇಕಡಾ 40 ಸರಿ, ಉರ್ದುವಿನವರು ಶೇಕಡಾ 20. ಮುಂದಿನ ಸಾಲುಗಳಲ್ಲಿ 60ಕ್ಕೆ 40, 75ಕ್ಕೆ 60, 90ಕ್ಕೆ 80. ಅಂಕ ಸಮವಿದ್ದರೂ ಎಲ್ಲ ಸಾಲಿನಲ್ಲೂ ಅಂತರವಿದೆ. ಮೇಲಿನ ಅಂಕದವರಲ್ಲಿ ಅಂತರ ತಗ್ಗುವುದಕ್ಕೂ ಕಾರಣ ಊಹಿಸಬಹುದು: ಚೆನ್ನಾಗಿ ಓದುವ ಮಗು ಮುಂದಿನ ಸಾಲಿನ ಬೀಗ, ಗುಳೆ ನೋಡಿ 'ನೆರವಾಯಿತು' ಎಂಬುದನ್ನು ಅನುಮಾನಿಸುತ್ತದೆ. ಇನ್ನು ದಾವಣಗೆರೆಯ ಪೇಟೆಯಲ್ಲಿ ಓಡಾಡುವ ಉರ್ದು ಮನೆಮಾತಿನ ಮಗುವಿಗೆ ಕನ್ನಡದ 'ಕೈಕೊಟ್ಟ' ಕಿವಿಗೆ ಬಿದ್ದೇ ಇರುತ್ತದೆ. ಕೆಟ್ಟ ಅನುವಾದದ ಹಿಂದಿರುವ ಕನ್ನಡವನ್ನು ಅದು ಊಹಿಸಿ ಪಾರಾಗುವುದೂ ಉಂಟು.

ಹಂತ 2: ಅಡ್ಡ ಗುಣಾಕಾರ

ಪ್ರತಿ ಸಾಲಿನಲ್ಲಿ ಎರಡು ಗುಣಲಬ್ಧ ಮಾಡಿ. ಮೊದಲನೆಯದು ಕನ್ನಡದ 'ಸರಿ' ಗುಣಿಸು ಉರ್ದುವಿನ 'ತಪ್ಪು'. ಎರಡನೆಯದು ಕನ್ನಡದ 'ತಪ್ಪು' ಗುಣಿಸು ಉರ್ದುವಿನ 'ಸರಿ'. ಎರಡನ್ನೂ ಆ ಸಾಲಿನ ಒಟ್ಟು ಮಕ್ಕಳ ಸಂಖ್ಯೆಯಿಂದ ಭಾಗಿಸಿ.

ಮೊದಲ ಸಾಲು: 16 × 48 ÷ 100 = 7.68, ಮತ್ತು 24 × 12 ÷ 100 = 2.88. ಹೀಗೇ ನಾಲ್ಕೂ ಸಾಲು ಮಾಡಿ ಕೂಡಿದರೆ ಮೊದಲ ಬಗೆಯ ಮೊತ್ತ 33.12, ಎರಡನೆಯ ಬಗೆಯದು 14.67. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 2.258, ಅಂದರೆ ಸುಮಾರು 2.26.

ಈ 2.26ಕ್ಕೆ 'ಸಾಮಾನ್ಯ ಸಾಧ್ಯತಾ ಅನುಪಾತ' ಎನ್ನುತ್ತಾರೆ. ಸರಿ ಮಾಡಿದವರಿಗೂ ತಪ್ಪು ಮಾಡಿದವರಿಗೂ ಇರುವ ಅನುಪಾತವು, ಸಮ ಅಂಕದ ಮಕ್ಕಳಲ್ಲಿ, ಉರ್ದುವಿಗಿಂತ ಕನ್ನಡದ ಕಡೆ ಸುಮಾರು 2.26 ಪಟ್ಟು ಇದೆ ಎಂದರ್ಥ. 1 ಬಂದಿದ್ದರೆ ಡಿಫ್ ಇಲ್ಲ. 1ಕ್ಕಿಂತ ಕಡಿಮೆ ಬಂದಿದ್ದರೆ ಪ್ರಶ್ನೆ ಉರ್ದುವಿನವರ ಕಡೆಗೆ ವಾಲಿದೆ.

ಹಂತ 3: ಎಷ್ಟು ದೊಡ್ಡದು ಎಂದು ಅಳೆಯಿರಿ

ಅನುಪಾತವನ್ನು ಹಾಗೇ ಓದುವುದು ತೊಡಕು, ಏಕೆಂದರೆ 2ಕ್ಕೂ ಅರ್ಧಕ್ಕೂ 1ರಿಂದ ಇರುವ ದೂರ ವಾಸ್ತವವಾಗಿ ಒಂದೇ. ಆದ್ದರಿಂದ ಸಹಜ ಲಾಗರಿದಮ್ ತೆಗೆದು (ಕ್ಯಾಲ್ಕುಲೇಟರಿನಲ್ಲಿ `ln` ಗುಂಡಿ) −2.35ರಿಂದ ಗುಣಿಸುತ್ತಾರೆ:

`−2.35 × ln(2.258) = −1.91`

ಇದು ಡೆಲ್ಟಾ ಮೌಲ್ಯ. ಋಣ ಚಿಹ್ನೆ ಇದ್ದರೆ ನಾವು ಪರಿಶೀಲಿಸುತ್ತಿರುವ ಗುಂಪಿಗೆ, ಅಂದರೆ ಇಲ್ಲಿ ಉರ್ದು ಮಾಧ್ಯಮಕ್ಕೆ, ಪ್ರಶ್ನೆ ಕಷ್ಟವಾಗಿದೆ. ಅಮೆರಿಕದ ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್ ರೂಢಿಗೆ ತಂದ ಮೂರು ದರ್ಜೆಗಳಿವೆ. ಚಿಹ್ನೆ ಬಿಟ್ಟು ನೋಡಿದಾಗ 1ರ ಒಳಗಿದ್ದರೆ, ಅಥವಾ ಸೊನ್ನೆಯಿಂದ ಖಚಿತವಾಗಿ ಬೇರೆ ಎನ್ನಲಾಗದಿದ್ದರೆ, 'ಎ' ದರ್ಜೆ, ಉಪೇಕ್ಷಿಸಬಹುದು. 1.5 ಅಥವಾ ಅದಕ್ಕಿಂತ ಹೆಚ್ಚಿದ್ದು, 1ಕ್ಕಿಂತ ಹೆಚ್ಚು ಎಂಬುದೂ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಖಚಿತವಾದರೆ 'ಸಿ', ದೊಡ್ಡ ಡಿಫ್. ನಡುವಿನದೆಲ್ಲ 'ಬಿ'.

ಖಚಿತತೆ ನೋಡಲು ಅಂದಾಜಿನ ದೋಷದ ಅಳತೆ ಬೇಕು. ಅದರ ಸೂತ್ರ ಉದ್ದ, ಕಂಪ್ಯೂಟರಿಗೆ ಬಿಡಿ. ನಮ್ಮ ಪಟ್ಟಿಗೆ ಅದು ಸುಮಾರು 0.50. ನಮ್ಮ ಮೌಲ್ಯ 1ರ ಗೆರೆಯನ್ನು 0.91ರಷ್ಟು ದಾಟಿದೆ. 0.91 ÷ 0.50 = 1.82, ಶೇಕಡಾ 95ರಷ್ಟು ಖಚಿತತೆಗೆ ಬೇಕಾದ 1.645ಕ್ಕಿಂತ ಹೆಚ್ಚು. ಹಾಗಾಗಿ ಏಳನೆಯ ಪ್ರಶ್ನೆ 'ಸಿ' ದರ್ಜೆ.

ಇದಕ್ಕೆ ಹೋಲಿಸಿ, ಮೊದಲು ಹೇಳಿದ 63–58ರ ಪ್ರಶ್ನೆಯನ್ನು ಇದೇ ಪಟ್ಟಿಗಳಲ್ಲಿ ಇಟ್ಟು ನೋಡಿ. ನಾಲ್ಕು ಸಾಲುಗಳಲ್ಲಿ ಎರಡೂ ಗುಂಪಿಗೆ ಶೇಕಡಾ 30, 55, 75, 90 ಎಂದು ಸರಿಸಮ ಬಂದಿದ್ದರೂ ಒಟ್ಟು ಲೆಕ್ಕದಲ್ಲಿ 63ಕ್ಕೆ 58 ಎಂದೇ ಬರುತ್ತದೆ. ಅಲ್ಲಿ ಡೆಲ್ಟಾ ಸೊನ್ನೆ. ಆ ಪ್ರಶ್ನೆಯ ಅನುವಾದಕರನ್ನು ಬೈಯುವುದು ಅನ್ಯಾಯ.

ಹಂತ 4: ಎಲ್ಲ ಪ್ರಶ್ನೆಗಳಿಗೂ ಕಂಪ್ಯೂಟರಿನಲ್ಲಿ

ಒಂದು ಪ್ರಶ್ನೆಯನ್ನಾದರೂ ಕೈಯಲ್ಲಿ ಮಾಡಿ ನೋಡಿದ ಮೇಲೆ ಉಳಿದ ಹತ್ತೊಂಬತ್ತನ್ನು `R` ಎಂಬ ಉಚಿತ ತಂತ್ರಾಂಶಕ್ಕೆ ಕೊಡಿ. `difR` ಎಂಬ ಸೇರ್ಪಡೆಯನ್ನು ಒಮ್ಮೆ ಹಾಕಿಕೊಳ್ಳಬೇಕು. ಹಾಳೆಯ ಮೊದಲ 20 ಕಂಬಗಳಲ್ಲಿ 0 ಮತ್ತು 1, `medium` ಎಂಬ ಕಂಬದಲ್ಲಿ ಮಾಧ್ಯಮ ಇರಲಿ, ಉರ್ದುವಿನವರಿಗೆ `urdu` ಎಂದೇ ಬರೆಯಿರಿ. ಹಾಳೆಯನ್ನು `test.csv` ಎಂದು ಉಳಿಸಿ.

```r
install.packages("difR")
library(difR)
d <- read.csv("test.csv")
difMH(Data = d[, 1:20], group = d$medium,
      focal.name = "urdu", purify = TRUE)
```

`purify = TRUE` ಎಂಬುದನ್ನು ಮರೆಯಬೇಡಿ. ದೋಷವಿರುವ ಪ್ರಶ್ನೆಗಳ ಅಂಕವೂ ಒಟ್ಟು ಅಂಕದಲ್ಲಿ ಸೇರಿದ್ದರೆ ಅಳೆಯುವ ಕೋಲೇ ವಕ್ರವಾದಂತೆ. ಈ ಆಯ್ಕೆ ಕೊಟ್ಟರೆ, ಸಿಕ್ಕಿಬಿದ್ದ ಪ್ರಶ್ನೆಗಳನ್ನು ಒಟ್ಟು ಅಂಕದಿಂದ ತೆಗೆದು, ಫಲಿತಾಂಶ ನೆಲೆಗೊಳ್ಳುವವರೆಗೆ ಲೆಕ್ಕ ಮತ್ತೆ ನಡೆಯುತ್ತದೆ. ಕೊನೆಗೆ ಬರುವ A, B, C ಅಕ್ಷರಗಳು ಡೆಲ್ಟಾದ ಗಾತ್ರವನ್ನಷ್ಟೇ ನೋಡಿ ಕೊಟ್ಟವು, ಖಚಿತತೆಯನ್ನು ಬೇರೆಯಾಗಿ ನೀವೇ ನೋಡಬೇಕು.

ಮಕ್ಕಳು ಬಿಟ್ಟ ಪ್ರಶ್ನೆಗಳನ್ನು ಏನು ಮಾಡುವುದು? ನಡುವೆ ಬಿಟ್ಟಿದ್ದರೆ ತಪ್ಪು ಎಂದು 0 ಹಾಕಬಹುದು. ಕೊನೆಯ ನಾಲ್ಕೈದು ಪ್ರಶ್ನೆಗಳನ್ನು ಸಾಲಾಗಿ ಬಿಟ್ಟಿದ್ದರೆ ಮಗು ಅಲ್ಲಿಗೆ ತಲುಪಲೇ ಇಲ್ಲ. ಉರ್ದು ಪ್ರತಿ ಹೆಚ್ಚು ಪುಟ ಹಿಡಿದು ಸಮಯ ಸಾಲದೆ ಹೋಗಿದ್ದರೆ ಕೊನೆಯ ಪ್ರಶ್ನೆಗಳೆಲ್ಲ ದೋಷವಿರುವಂತೆ ಕಾಣುತ್ತವೆ. ಅದು ಗಡಿಯಾರದ ದೋಷ, ಪ್ರಶ್ನೆಗಳದ್ದಲ್ಲ.

ಈ ವಿಧಾನದ ಕಣ್ಣಿಗೆ ಬೀಳದ ಒಂದು ಬಗೆಯೂ ಇದೆ. ಕಡಿಮೆ ಅಂಕದವರಲ್ಲಿ ಕನ್ನಡಕ್ಕೂ ಹೆಚ್ಚು ಅಂಕದವರಲ್ಲಿ ಉರ್ದುವಿಗೂ ಅನುಕೂಲವಾಗಿದ್ದರೆ ಎರಡೂ ಒಂದನ್ನೊಂದು ಹೊಡೆದುಹಾಕಿ ಡೆಲ್ಟಾ ಸೊನ್ನೆಯ ಹತ್ತಿರ ಬರುತ್ತದೆ. ಅದೇ ಸೇರ್ಪಡೆಯ `difLogistic` ಇದನ್ನು ಹಿಡಿಯುತ್ತದೆ. ಅನುಮಾನ ಬಂದರೆ ಅದನ್ನೂ ಓಡಿಸಿ.

ಹಂತ 5: ತಪ್ಪು ಉತ್ತರಗಳನ್ನು ಎಣಿಸಿ

ನನ್ನ ಮಟ್ಟಿಗೆ ಇದೇ ಅತಿ ಮುಖ್ಯವಾದ ಹಂತ, ಆದರೆ ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಡೆಲ್ಟಾ ದೋಷವಿದೆ ಎನ್ನುತ್ತದೆ, ಯಾವ ಪದದಲ್ಲಿ ಎನ್ನುವುದಿಲ್ಲ.

ಏಳನೆಯ ಪ್ರಶ್ನೆಯಲ್ಲಿ ಕನ್ನಡದ 80 ಮಕ್ಕಳು ತಪ್ಪು ಮಾಡಿದ್ದಾರೆ. ಅವರು ಅ, ಇ, ಈ ಮೂರಕ್ಕೂ 29, 24, 27 ಎಂದು ಹಂಚಿಹೋಗಿದ್ದಾರೆ. ಗೊತ್ತಿಲ್ಲದವರು ಊಹಿಸಿದ ಗುರುತು ಇದು. ಉರ್ದುವಿನ 115 ತಪ್ಪುಗಳಲ್ಲಿ 'ಇ'ಗೆ ಒಂದಕ್ಕೇ 74 ಬಿದ್ದಿವೆ: ಮಳೆ ಹೊತ್ತಿಗೆ ಬಂದು ನೆರವಾಯಿತು. ಮಕ್ಕಳು ಊಹಿಸಿಲ್ಲ, ತಮ್ಮ ಮುಂದಿದ್ದ ಉರ್ದು ವಾಕ್ಯವನ್ನು ಸರಿಯಾಗಿಯೇ ಓದಿಕೊಂಡು ನಮ್ಮ ಕೀ ಉತ್ತರದ ಪ್ರಕಾರ ತಪ್ಪಾಗಿದ್ದಾರೆ.

ವಾಲುವಿಕೆ ಇನ್ನೊಂದು ದಿಕ್ಕಿಗೂ ಆಗುತ್ತದೆ. ಅದೇ ಪತ್ರಿಕೆಯ ಇನ್ನೊಂದು ಪ್ರಶ್ನೆಯಲ್ಲಿ ಡೆಲ್ಟಾ +1.2 ಬಂದಿತು ಎನ್ನಿ. ಕನ್ನಡ ಗದ್ಯದಲ್ಲಿ 'ಬರಗಾಲ', ಸರಿಯುತ್ತರದಲ್ಲಿ 'ಕ್ಷಾಮ'. ಎರಡೂ ಒಂದೇ ಎಂದು ಮಗುವಿಗೆ ತಿಳಿದಿರಬೇಕು, ಪ್ರಶ್ನೆ ಅಳೆಯುವುದೂ ಅದನ್ನೇ. ಉರ್ದುವಿನಲ್ಲಿ ಎರಡೂ ಕಡೆ 'ಕಹತ್' ಎಂದೇ ಬಂದಿದೆ. ಪದಕ್ಕೆ ಪದ ಹೊಂದಿಸಿದರೆ ಅಂಕ ಸಿಕ್ಕಿತು. ಅನುವಾದದಲ್ಲಿ ತಪ್ಪೇನೂ ಇಲ್ಲ, ಆದರೂ ಪ್ರಶ್ನೆ ಬೇರೆಯೇ ಆಗಿಬಿಟ್ಟಿದೆ.

ಹಂತ 6: ಭಾಷೆಯೋ, ಊರೋ ಎಂದು ಬಿಡಿಸಿ ನೋಡಿ

ನಮ್ಮ ಜಿಲ್ಲೆಗಳಲ್ಲಿ ಇದನ್ನು ಬಿಟ್ಟರೆ ಕೆಲಸ ಕೆಡುತ್ತದೆ. ನೀವು ಆರಿಸಿದ ಉರ್ದು ಶಾಲೆಗಳೆಲ್ಲ ಪೇಟೆಯವು, ಕನ್ನಡದ ಮಕ್ಕಳಲ್ಲಿ ಅರ್ಧದಷ್ಟು ಜಗಳೂರು, ಹೊಳಲ್ಕೆರೆ ಕಡೆಯ ಹಳ್ಳಿಯವರು ಎಂದಾದರೆ, 'ಕೂರಿಗೆ', 'ಕಣ', 'ಗುಳೆ' ಬರುವ ಪ್ರಶ್ನೆಯಲ್ಲಿ ಕಾಣುವ ಡಿಫ್ ಹೊಲ ನೋಡಿದವರಿಗೂ ನೋಡದವರಿಗೂ ಇರುವ ಅಂತರವಾಗಿರಬಹುದು. ಉರ್ದು ಎಷ್ಟು ತಿದ್ದಿದರೂ ಅದು ಹೋಗುವುದಿಲ್ಲ.

ಕಂಡುಹಿಡಿಯುವುದು ಸುಲಭ. ಕನ್ನಡ ಮಾಧ್ಯಮದ ಪೇಟೆ ಮಕ್ಕಳನ್ನೂ ಹಳ್ಳಿ ಮಕ್ಕಳನ್ನೂ ಎರಡು ಗುಂಪು ಮಾಡಿ, ಅವರ ನಡುವೆಯೇ ಇದೇ ಲೆಕ್ಕ ಓಡಿಸಿ. ಅಲ್ಲಿ ಅನುವಾದವೇ ಇಲ್ಲ, ಎಲ್ಲರೂ ಓದಿದ್ದು ಕನ್ನಡವನ್ನೇ. ಆದರೂ ಆ ಪ್ರಶ್ನೆ ಪೇಟೆಯವರಿಗೆ ಕಷ್ಟ ಎಂದು ಬಂದರೆ ಕಾರಣ ಗದ್ಯದ ವಿಷಯದಲ್ಲಿದೆ. ಏಳನೆಯ ಪ್ರಶ್ನೆ ಇಲ್ಲಿ ಸೊನ್ನೆಯ ಸುತ್ತಮುತ್ತ ನಿಂತರೆ ಆಗ ಅನುವಾದದ ಮೇಲಿನ ಅನುಮಾನ ಗಟ್ಟಿಯಾಗುತ್ತದೆ. ಉರ್ದುವಿನ ಮಕ್ಕಳೆಲ್ಲ ಎರಡೇ ಶಾಲೆಯವರಾಗಿದ್ದರೆ ಇನ್ನೊಂದು ಎಚ್ಚರ: ಆ ಶಾಲೆಯ ಪಾಠದ ಕೊರತೆಯೇ ಭಾಷೆಯ ದೋಷದ ವೇಷ ಹಾಕಿ ಬರಬಹುದು.

ಹಂತ 7: ಎರಡೂ ಭಾಷೆ ಬಲ್ಲವರ ಮುಂದಿಡಿ

ಇಬ್ಬರು ಮೂವರು ಶಿಕ್ಷಕರು ಸಾಕು. ಆ ಪತ್ರಿಕೆಯನ್ನು ಅನುವಾದಿಸಿದವರು ಅವರಲ್ಲಿರಬಾರದು. ಸಿಕ್ಕಿಬಿದ್ದ ಪ್ರಶ್ನೆಗಳನ್ನಷ್ಟೇ ಕೊಡಬೇಡಿ, ಸರಿಯಿರುವ ಐದಾರನ್ನು ಬೆರೆಸಿ, ಯಾವುದು ಯಾವುದೆಂದು ಹೇಳದೆ ಕೊಡಿ. "ಇದರಲ್ಲಿ ದೋಷವಿದೆ, ಹುಡುಕಿ" ಎಂದರೆ ಒಳ್ಳೆಯ ವಾಕ್ಯದಲ್ಲೂ ಯಾರಾದರೂ ಕಾರಣ ಹುಟ್ಟಿಸಿಬಿಡುತ್ತಾರೆ. ಮೊದಲು ಉರ್ದು ಪ್ರತಿಯನ್ನು ಮಾತ್ರ ಓದಿ ಉತ್ತರಿಸಲು ಹೇಳಿ, ಆಮೇಲೆ ಕನ್ನಡದ ಪ್ರತಿ ಕೊಡಿ. 'ಹಾಥ್ ದಿಯಾ' ಓದಿದ ಶಿಕ್ಷಕರೂ 'ಇ' ಎಂದೇ ಗುರುತು ಹಾಕಿದರೆ ಚರ್ಚೆಗೆ ಜಾಗವಿಲ್ಲ.

ಕಾರಣ ಸಿಗದಿದ್ದರೆ? 20 ಪ್ರಶ್ನೆಗಳನ್ನು ಪರೀಕ್ಷಿಸಿದಾಗ ಒಂದು ಬರಿಯ ಆಕಸ್ಮಿಕವಾಗಿ ಸಿಕ್ಕಿಬೀಳುವುದು ಸಹಜ. 'ಬಿ' ದರ್ಜೆಯದಾಗಿ, ಕಾರಣವೂ ಕಾಣದಿದ್ದರೆ ಉಳಿಸಿಕೊಂಡು ಮುಂದಿನ ಸಲ ಮತ್ತೆ ನೋಡಿ. 'ಸಿ' ದರ್ಜೆಯದನ್ನು ಕಾರಣ ಸಿಗದಿದ್ದರೂ ನಾನು ಬಳಸುವುದಿಲ್ಲ.

ಹಂತ 8: ತಿದ್ದಿ, ಮತ್ತೆ ಪರೀಕ್ಷಿಸಿ

ಏಳನೆಯ ಪ್ರಶ್ನೆಗೆ 'ಬಾರಿಶ್ ನೇ ಸಾಥ್ ನಹೀ ದಿಯಾ' ಎಂದು ತಿದ್ದಬಹುದು, ಮಳೆ ಜೊತೆಗೆ ನಿಲ್ಲಲಿಲ್ಲ ಎಂದರ್ಥ. ಆದರೆ ಇದರಲ್ಲಿ 'ನಹೀ' ಇದೆ, ಸರಿಯುತ್ತರದಲ್ಲೂ 'ಬರಲಿಲ್ಲ' ಎಂಬ ನಿಷೇಧವಿದೆ. ಈಗ ಉರ್ದುವಿನವರಿಗೆ ಸುಳಿವು ಸಿಕ್ಕಿ ಪ್ರಶ್ನೆ ಅತ್ತ ವಾಲಬಹುದು. 'ಬಾರಿಶ್ ನೇ ಧೋಕಾ ದಿಯಾ' ಎಂದರೆ ನುಡಿಗಟ್ಟಿನ ಬದಲು ನುಡಿಗಟ್ಟೇ ಬಂತು, ಸುಳಿವೂ ಇಲ್ಲ. ನಾನಾದರೆ ಇದನ್ನು ಆರಿಸುತ್ತೇನೆ. ಸರಿಹೋಯಿತೋ ಇಲ್ಲವೋ ಎಂಬುದನ್ನು ಹೊಸ ಮಕ್ಕಳ ಉತ್ತರಗಳೇ ಹೇಳಬೇಕು.

ಪರೀಕ್ಷೆ ಮುಗಿದು ಅಂಕ ಕೊಡುವ ಹೊತ್ತಿಗೆ ದೋಷ ಸಿಕ್ಕಿದರೆ ಆ ಪ್ರಶ್ನೆಯನ್ನು ಎರಡೂ ಮಾಧ್ಯಮದವರ ಎಣಿಕೆಯಿಂದ ತೆಗೆದು 19ಕ್ಕೆ ಅಂಕ ಕೊಡಿ. ಒಂದು ಗುಂಪಿಗೆ ಮಾತ್ರ ಕೃಪಾಂಕ ಕೊಟ್ಟರೆ, ಆ ಗುಂಪಿನಲ್ಲಿ ಸರಿಯಾಗಿ ಉತ್ತರಿಸಿದ 95 ಮಕ್ಕಳಿಗೂ ಉಳಿದವರಿಗೂ ವ್ಯತ್ಯಾಸವೇ ಉಳಿಯುವುದಿಲ್ಲ.

ಈ ಲೆಕ್ಕಕ್ಕೆ ಎಟುಕದ್ದು

ಡಿಫ್ ಅಳೆಯುವುದು ಒಂದು ಪ್ರಶ್ನೆಯನ್ನು ಉಳಿದ ಪ್ರಶ್ನೆಗಳ ಜೊತೆ ಹೋಲಿಸಿ. ಇಡೀ ಉರ್ದು ಪ್ರತಿಯೇ ಕೆಟ್ಟದಾಗಿದ್ದರೆ, ಎಲ್ಲ ಗದ್ಯಗಳೂ ಪುಸ್ತಕದ ಕಠಿಣ ಉರ್ದುವಿನಲ್ಲಿದ್ದು ಅಕ್ಷರವೂ ಮಸಕಾಗಿದ್ದರೆ, ಇಪ್ಪತ್ತೂ ಪ್ರಶ್ನೆ ಸಮನಾಗಿ ಕಷ್ಟವಾಗುತ್ತವೆ. ಆಗ ಒಟ್ಟು ಅಂಕವೇ ಇಳಿಯುತ್ತದೆ, ಸಮ ಅಂಕದವರನ್ನು ಹೋಲಿಸುವ ನಮ್ಮ ಲೆಕ್ಕ ಎಲ್ಲವನ್ನೂ 'ಎ' ದರ್ಜೆಗೆ ಹಾಕಿ ಕೂರುತ್ತದೆ. ಅದಕ್ಕೇ, 20ಕ್ಕೆ 20 'ಎ' ಬಂದು ಉರ್ದುವಿನ ಸರಾಸರಿ ಮಾತ್ರ ತೀರಾ ಕೆಳಗಿದ್ದರೆ ವರದಿಗೆ ಸಹಿ ಹಾಕುವ ಮೊದಲು ಎರಡೂ ಭಾಷೆ ಚೆನ್ನಾಗಿ ಓದುವ ಹತ್ತಾರು ಮಕ್ಕಳನ್ನು ಹುಡುಕಿ. ಅರ್ಧ ಮಕ್ಕಳಿಗೆ ಕನ್ನಡ ಪ್ರತಿ, ಅರ್ಧ ಮಕ್ಕಳಿಗೆ ಉರ್ದು ಪ್ರತಿ ಚೀಟಿ ಎತ್ತಿ ಹಂಚಿ, ಬರೆದಾದ ಮೇಲೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಎಲ್ಲಿ ತಡವರಿಸಿದಿರಿ ಎಂದು ಕೇಳಿ. ಸಂಖ್ಯೆ ಚಿಕ್ಕದಾದ್ದರಿಂದ ಲೆಕ್ಕ ಬೇಡ, ಅವರು ಬೆರಳಿಟ್ಟು ತೋರಿಸಿದ ಸಾಲುಗಳನ್ನು ಮಾತ್ರ ಗುರುತು ಮಾಡಿಕೊಳ್ಳಿ.